ವಕೀಲರ ಪತ್ರದಲ್ಲಿ ಏನಿದೆ, ಏನಿಲ್ಲ

ನಿಮ್ಮಲ್ಲಿ ಕೆಲವರು ಈಗಾಗಲೇ ಕನ್ನಡ ಸಂಘಗಳ ಸಮಿತಿಗಳಿಗೆ ಬರುತ್ತಿದ್ದೀರಿ, ಲೆಕ್ಕಪತ್ರಕ್ಕೆ ಸಹಿ ಹಾಕುವವರೂ ಇದ್ದೀರಿ. ಅದಕ್ಕೇ ಇವತ್ತು ಈ ವಿಷಯ: ಸಂಘದ ಮೇಲೆ ದಾವೆ ನಡೆಯುತ್ತಿರುವಾಗ ಆಡಿಟರ್ ಏನು ಕೇಳುತ್ತಾರೆ, ಏಕೆ ಕೇಳುತ್ತಾರೆ?

ಅಮೆರಿಕದಲ್ಲಿರುವ ಒಂದು ಸಂಘವನ್ನು ಊಹಿಸಿಕೊಳ್ಳೋಣ. ನವೆಂಬರಿನ ದೀಪಾವಳಿ ಕಾರ್ಯಕ್ರಮದಲ್ಲಿ, ಬಾಡಿಗೆ ಹಾಲಿನ ಒದ್ದೆ ನೆಲದ ಮೇಲೆ ಅತಿಥಿಯೊಬ್ಬರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಸಂಘದ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯಿತು. ಫೆಬ್ರವರಿಯಲ್ಲಿ ಅವರು 1 ಲಕ್ಷ 80 ಸಾವಿರ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದರು. ಆಡಿಟರ್ ಬಂದದ್ದು ಮಾರ್ಚಿನಲ್ಲಿ.

"ದಾವೆ ಬಂದದ್ದು ಈ ವರ್ಷ ತಾನೆ, ಮುಂದಿನ ವರ್ಷದ ಲೆಕ್ಕದಲ್ಲಿ ನೋಡೋಣ" ಎಂದು ಖಜಾಂಚಿಗಳು ಹೇಳಬಹುದು. ಹಾಗಾಗುವುದಿಲ್ಲ. ಬಿದ್ದದ್ದು ನವೆಂಬರಿನಲ್ಲಿ, ಹೊಣೆಯ ಬೇರು ಹಳೆಯ ವರ್ಷದಲ್ಲೇ ಇದೆ. ಕೋರ್ಟಿನ ಕಾಗದ ತಡವಾಗಿ ಬಂತು, ಅಷ್ಟೆ.

ಈಗ ಪತ್ರದ ವಿಚಾರ. ವಕೀಲರಿಗೆ ಪತ್ರ ಬರೆಯಬೇಕಾದದ್ದು ಸಂಘವೇ, ಸಂಘದ ಹೆಸರಿನಲ್ಲೇ. ಆದರೆ ಅದನ್ನು ಅಂಚೆಗೆ ಹಾಕುವವರು ಆಡಿಟರ್, ಉತ್ತರವೂ ನೇರವಾಗಿ ಅವರಿಗೇ ಹೋಗುತ್ತದೆ. ನಡುವೆ ಯಾರೂ ತಿದ್ದಬಾರದೆಂದು ಈ ಏರ್ಪಾಟು. ಸಂಘಕ್ಕೆ ವಕೀಲರೇ ಇಲ್ಲವೆಂದರೂ ಆಡಿಟರ್ ಅಷ್ಟಕ್ಕೇ ನಂಬುವುದಿಲ್ಲ. ಖರ್ಚಿನ ಪುಸ್ತಕದಲ್ಲಿ ವಕೀಲರ ಫೀಸಿನ ಬಿಲ್ಲುಗಳನ್ನು ಹುಡುಕುತ್ತಾರೆ, ಸಮಿತಿ ಸಭೆಯ ನಡಾವಳಿ ಓದುತ್ತಾರೆ.

ವಕೀಲರಿಗೂ ಒಂದು ಭಯವಿದೆ. ಕಕ್ಷಿದಾರರ ಗುಟ್ಟನ್ನು ಆಡಿಟರಿಗೆ ಬಿಟ್ಟುಕೊಟ್ಟರೆ, ನಾಳೆ ಎದುರು ಪಕ್ಷದವರು ಆ ಪತ್ರವನ್ನೇ ಕೋರ್ಟಿಗೆ ತರಿಸಬಹುದು. ಈ ಜಗ್ಗಾಟಕ್ಕೆ ಅಮೆರಿಕದ ವಕೀಲರ ಸಂಘ ಮತ್ತು ಲೆಕ್ಕಪರಿಶೋಧಕರ ಸಂಸ್ಥೆ 1975-76ರಲ್ಲಿ ಒಂದು ಒಪ್ಪಂದಕ್ಕೆ ಬಂದವು. ಅದರ ಫಲ ಇವತ್ತಿಗೂ ಇದೆ: ವಕೀಲರು ಅಳೆದು ತೂಗಿ, ತೀರಾ ಕಡಿಮೆ ಮಾತಾಡುತ್ತಾರೆ.

ಆ ಕಡಿಮೆ ಮಾತನ್ನು ಓದುವುದೇ ಕಷ್ಟ. ನಮ್ಮ ಸಂಘದ ವಕೀಲರು "ಈ ದಾವೆಯಲ್ಲಿ ಸಂಘದ ಪರವಾಗಿ ಹುರುಳುಳ್ಳ ವಾದಗಳಿವೆ" ಎಂದು ಬರೆದರು ಎನ್ನಿ. ಸಮಿತಿಗೆ ಖುಷಿಯೋ ಖುಷಿ, ಗೆದ್ದೆವೆಂದೇ ಲೆಕ್ಕ! ಆದರೆ ವಾದ ಇದೆ ಎಂಬುದಕ್ಕೂ ಗೆಲ್ಲುತ್ತೇವೆ ಎಂಬುದಕ್ಕೂ ಎಷ್ಟು ಅಂತರ. ಕನ್ನಡ ಓದಿದ ನನಗೆ ಈ ವಾಕ್ಯ ಬಹಳ ಇಷ್ಟ. ಏನೋ ಹೇಳಿದಂತಿದೆ, ಏನೂ ಹೇಳಿಲ್ಲ. ಆಡಿಟಿಂಗ್ ನಿಯಮಗಳೇ ಇಂಥ ಮಾತನ್ನು ಅಸ್ಪಷ್ಟವೆಂದು ಹೆಸರಿಸಿವೆ. ಆಗ ಆಡಿಟರ್ ಮತ್ತೆ ಕೇಳುತ್ತಾರೆ: ಸೋಲುವ ಸಾಧ್ಯತೆ ಹೆಚ್ಚೇ, ತೀರಾ ಕಡಿಮೆಯೇ, ಅಥವಾ ಎರಡರ ನಡುವೆಯೇ? ವಕೀಲರು ಉತ್ತರಿಸಲು ಪೂರ್ತಿ ನಿರಾಕರಿಸಿದರೆ ಆಡಿಟ್ ವರದಿಯೇ ಕಳಂಕವಿಲ್ಲದೆ ಹೊರಬರುವುದು ಕಷ್ಟ. "ಫಲಿತಾಂಶ ಈಗ ಹೇಳಲಾಗದು" ಎಂದರೆ ಅದು ನಿರಾಕರಣೆಯಲ್ಲ.

ಪತ್ರದಲ್ಲಿ ಇಲ್ಲದ ಮಾತಿನ ಬಗ್ಗೆಯೂ ಎಚ್ಚರ ಬೇಕು. ಬಿದ್ದವರು ಇನ್ನೂ ದಾವೆ ಹೂಡಿಲ್ಲ ಎಂದುಕೊಳ್ಳಿ. ಸಂಘ ತನ್ನ ಪತ್ರದಲ್ಲಿ ಈ ಘಟನೆಯನ್ನು ಬರೆಯದಿದ್ದರೆ ವಕೀಲರು ತಾವಾಗಿ ಅದನ್ನು ಆಡಿಟರಿಗೆ ಹೇಳುವುದಿಲ್ಲ. ಅಂದಮೇಲೆ ಪಟ್ಟಿಯ ಪ್ರಾಮಾಣಿಕತೆ ಸಮಿತಿಯದೇ, ಅಂದರೆ ಸಹಿ ಹಾಕುವ ನಿಮ್ಮದೇ.

ಇನ್ನು ಅಂಕಿಗಳು. ಸೋಲುವ ಸಾಧ್ಯತೆ ಹೆಚ್ಚು, 20 ಸಾವಿರದಿಂದ 60 ಸಾವಿರ ಡಾಲರಿನೊಳಗೆ ರಾಜಿಯಾಗಬಹುದು, ಅದರಲ್ಲಿ ಇಂಥದ್ದೇ ಹೆಚ್ಚು ಸಂಭವ ಎನ್ನಲಾಗದು ಎಂದು ತಿಳಿಯಿತು. ಅಮೆರಿಕದ ನಿಯಮದಂತೆ ಆ ಅಂತರದ ಕೆಳಗಿನ ತುದಿ, 20 ಸಾವಿರವನ್ನು ಈಗಲೇ ಹೊಣೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಳಿದ 40 ಸಾವಿರದ ಸಾಧ್ಯತೆಯನ್ನು ಟಿಪ್ಪಣಿಯಲ್ಲಿ ತಿಳಿಸಬೇಕು. ಕೇಳಿದ 1 ಲಕ್ಷ 80 ಸಾವಿರವನ್ನು ಹಾಕುವುದೂ ತಪ್ಪು, ಸೊನ್ನೆ ಹಾಕುವುದೂ ತಪ್ಪು. ಸೋಲುವ ಸಾಧ್ಯತೆ ನಡುವಿನದಾಗಿದ್ದರೆ ಟಿಪ್ಪಣಿ ಮಾತ್ರ ಸಾಕಿತ್ತು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ನಿಯಮದಲ್ಲಿ, ಅಂತರದ ಯಾವ ಅಂಕಿಯೂ ಸಮಸಂಭವವಾಗಿದ್ದರೆ ಮಧ್ಯದ ಅಂಕಿ, ಅಂದರೆ 40 ಸಾವಿರ ಹಾಕಬೇಕಾಗುತ್ತಿತ್ತು.

"ಇನ್ಶೂರೆನ್ಸ್ ಇದೆಯಲ್ಲ!" ಎನ್ನುವಿರಿ. ಇದೆ. ಮೊದಲ 5 ಸಾವಿರ ಸಂಘದ್ದು, ಮಿಕ್ಕದ್ದು ಕಂಪನಿಯದು ಎಂದಿರಲಿ. ಹಾಗೆಂದು ಪುಸ್ತಕದಲ್ಲಿ 5 ಸಾವಿರ ಮಾತ್ರ ಬರೆಯುವಂತಿಲ್ಲ. ಹೊಣೆ 20 ಸಾವಿರ ಒಂದು ಕಡೆ. ಕಂಪನಿ ಕ್ಲೈಮ್ ಒಪ್ಪಿ, ಹಣ ಬರುವುದು ಬಹುಮಟ್ಟಿಗೆ ಖಚಿತವಾದರೆ, ಬರಬೇಕಾದ 15 ಸಾವಿರ ಇನ್ನೊಂದು ಕಡೆ. ಕಂಪನಿ ತಕರಾರು ತೆಗೆದರೆ ಆ 15 ಸಾವಿರ ಬರೆಯುವಂತಿಲ್ಲ, ಹೊಣೆ ಮಾತ್ರ ಹಾಗೆಯೇ ಉಳಿಯುತ್ತದೆ.

ಆದಾಯ ತೆರಿಗೆಯ ತಗಾದೆಗೆ ನಿಯಮ ಬೇರೆ. ಅಲ್ಲಿ "ಅಧಿಕಾರಿ ನಮ್ಮ ಕಡತ ನೋಡಲಾರ" ಎಂಬ ಅದೃಷ್ಟವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಎಲ್ಲ ತಿಳಿದವನೇ ಪರೀಕ್ಷಿಸುತ್ತಾನೆಂದು ಭಾವಿಸಿ, ಆಗಲೂ ನಮ್ಮ ನಿಲುವು ನಿಲ್ಲುವುದೇ ಹೆಚ್ಚು ಸಂಭವವೇ ಎಂದು ನೋಡಬೇಕು.

ಕೊನೆಗೆ ತಾರೀಖು. ವಕೀಲರ ಉತ್ತರ ಮಾರ್ಚ್ 10ರದು, ಆಡಿಟ್ ವರದಿ ಮೇ 20ರದು ಎಂದರೆ ನಡುವಿನ ಎರಡು ತಿಂಗಳಲ್ಲಿ ರಾಜಿಯೇ ಆಗಿರಬಹುದು. ಆಗ ಆಡಿಟರ್ ವಕೀಲರಿಂದ ಹೊಸ ಮಾತು ತರಿಸುತ್ತಾರೆ. ನೀವು ಲೆಕ್ಕಪತ್ರಕ್ಕೆ ಸಹಿ ಹಾಕುವ ಮೊದಲು ಆ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.