ಮನಸ್ಸಿನ ಲೆಕ್ಕ, ನಾಲ್ಕು ಸಾಲಿನ ಟಿಪ್ಪಣಿ



ಕಳೆದ ತಿಂಗಳ ಎಂಟನೇ ತಾರೀಖು ನಿಮ್ಮ ಮನಸ್ಸು ಹೇಗಿತ್ತು? ನೆನಪಿರಲಾರದು. ಇಂದು ಬೇಸರವಾಗಿದ್ದರೆ ಇಡೀ ತಿಂಗಳೇ ಬೇಸರದಲ್ಲಿ ಕಳೆದಂತೆ ತೋರುತ್ತದೆ. ಆದ್ದರಿಂದ ನೆನಪನ್ನು ನಂಬುವ ಬದಲು ಬರೆದಿಡುವುದು ಲೇಸು.

ಅಮೆರಿಕದ ವಿನ್ಯಾಸಕಾರ ರೈಡರ್ ಕ್ಯಾರಲ್ 2013ರಲ್ಲಿ ಬುಲೆಟ್ ಜರ್ನಲ್ ಎಂಬ ಟಿಪ್ಪಣಿ ಕ್ರಮವನ್ನು ಜನರ ಮುಂದಿಟ್ಟರು. ಅದನ್ನು ಬಳಸುವ ಅನೇಕರು ಮನಸ್ಥಿತಿಯ ಪಟ್ಟಿಯನ್ನೂ ಇಡುತ್ತಾರೆ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ತಾರೀಖುಗಳನ್ನು ಒಂದರ ಕೆಳಗೊಂದು ಬರೆದು, ದಿನವೂ ಮಲಗುವ ಮುನ್ನ 1ರಿಂದ 5ರವರೆಗೆ ಒಂದು ಅಂಕ ಹಾಕಬೇಕು. 1 ಎಂದರೆ ತೀರ ಕುಗ್ಗಿದ ಮನಸ್ಸು, 5 ಎಂದರೆ ಉಲ್ಲಾಸ. ಮರೆತ ದಿನವನ್ನು ಊಹಿಸಿ ತುಂಬದೆ ಖಾಲಿ ಬಿಡಿ.

ಆದರೆ ಅಂಕವು ಯಾವಾಗ ಎಂಬುದನ್ನಷ್ಟೇ ಹೇಳುತ್ತದೆ, ಏಕೆ ಎಂಬುದನ್ನಲ್ಲ. ಅದಕ್ಕಾಗಿ ಮೂರು ನಾಲ್ಕು ಸಾಲಿನ ಟಿಪ್ಪಣಿ ಬೇಕು. "ಕೆಟ್ಟ ದಿನ" ಎಂದು ಬರೆದರೆ ಉಪಯೋಗವಿಲ್ಲ. ಎಷ್ಟಕ್ಕೆ ಮಲಗಿದಿರಿ, ಏನು ನಡೆಯಿತು, ಯಾರೊಡನೆ ಇದ್ದಿರಿ ಎಂದು ಬರೆಯಿರಿ.

ಕುಂದಗೋಳ ತಾಲ್ಲೂಕಿನ ಕುಬಿಹಾಳದಲ್ಲಿರುವ ನನ್ನ ಅಣ್ಣನ ಮಗಳು ಹುಬ್ಬಳ್ಳಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. "ಕಾಕಾ, ಸೋಮವಾರದ ಪ್ರಾಕ್ಟಿಕಲ್ ಅಂದ್ರ ಮನಸ್ಸು ಕೆಡತೈತ್ರಿ. ಸೈನ್ಸ್ ಬಿಟ್ಟಬಿಡ್ತೀನಿ" ಎಂದಳು. ಮೂರು ತಿಂಗಳು ಬರೆದು ನೋಡು, ಆಮೇಲೆ ಬಿಡುವೆಯಂತೆ ಎಂದೆ.

ಬರೆದಳು. ಹದಿಮೂರು ಸೋಮವಾರಗಳಲ್ಲಿ ಒಂಬತ್ತಕ್ಕೆ 1 ಅಥವಾ 2 ಬಿದ್ದಿತ್ತು. ಅವಳ ಮಾತೇ ನಿಜವೆನಿಸಿತು. ಟಿಪ್ಪಣಿಗಳನ್ನು ಜೋಡಿಸಿ ಓದಿದಾಗ ಚಿತ್ರ ಬದಲಾಯಿತು. ಪ್ರಾಕ್ಟಿಕಲ್ ಇಲ್ಲದ ಸೋಮವಾರಗಳು ನಾಲ್ಕು. ಅವುಗಳಲ್ಲೂ ಮೂರು ಕುಗ್ಗಿದವೇ. ಆ ಒಂಬತ್ತರಲ್ಲೂ ಕಂಡ ಸಾಲು ಬೇರೆ: "ರಾತ್ರಿ ಹನ್ನೆರಡರ ಮ್ಯಾಲೆ ಮಲಗಿದ್ನಿ, ಐದಕ್ಕ ಎದ್ದೆ." ಭಾನುವಾರ ಮನೆಗೆಲಸದಲ್ಲಿ ಹಗಲು ಕಳೆದು, ವಾರದ ಬರವಣಿಗೆಯೆಲ್ಲ ರಾತ್ರಿಗೆ ಉಳಿಯುತ್ತಿತ್ತು. ಬೇಗ ಮಲಗಿದ ಮೂರು ಭಾನುವಾರಗಳ ಮರುದಿನ ಮನಸ್ಸು ಕುಗ್ಗಿರಲಿಲ್ಲ; ಅವುಗಳಲ್ಲಿ ಎರಡು ದಿನ ಪ್ರಾಕ್ಟಿಕಲ್ ಇತ್ತು!

ಇಷ್ಟಕ್ಕೇ ಕಾರಣ ಸಿಕ್ಕಿತೆನ್ನಲಾಗದು. ಎರಡು ಸಂಗತಿ ಜೊತೆಯಾಗಿ ಬಂದರೆ ಒಂದು ಇನ್ನೊಂದಕ್ಕೆ ಕಾರಣವೆಂದಲ್ಲ. ಮೂರು ದಿನಗಳ ಸಾಕ್ಷಿಯೂ ಚಿಕ್ಕದು. ಆದ್ದರಿಂದ ಒಂದನ್ನೇ ಬದಲಿಸಿ ನೋಡಬೇಕು. ಅವಳು ಬರವಣಿಗೆಯನ್ನು ಶನಿವಾರ ಸಂಜೆಗೆ ತಂದು, ಭಾನುವಾರ ಹತ್ತಕ್ಕೆ ಮಲಗತೊಡಗಿದಳು. ಉಳಿದದ್ದೆಲ್ಲ ಹಾಗೆಯೇ ಇತ್ತು. ಮುಂದಿನ ನಾಲ್ಕು ಸೋಮವಾರಗಳಲ್ಲಿ ಒಂದು ಮಾತ್ರ ಕುಗ್ಗಿತು. ವಿಜ್ಞಾನ ಬಿಡುವ ಮಾತು ನಿಂತಿದೆ.

ಒಂದು ಎಚ್ಚರಿಕೆ. ಈ ಪಟ್ಟಿ ವೈದ್ಯನಲ್ಲ. ಎರಡು ವಾರ ಹೆಚ್ಚುಕಡಿಮೆ ದಿನವೂ 1 ಅಥವಾ 2 ಬರುತ್ತಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ ಆ ಕ್ಷಣವೇ, ಮನೆಯ ಹಿರಿಯರಿಗೆ ತಿಳಿಸಿ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಗೆ ಹೋಗಬಹುದು. ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹೋಗುವಾಗ ಆ ಪುಸ್ತಕವನ್ನೂ ಒಯ್ಯಿರಿ. ಯಾವಾಗಿನಿಂದ ಹೀಗೆ ಎಂಬ ವೈದ್ಯರ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲಿರುತ್ತದೆ.