ಕಾಣದ ಚಿತ್ರವನ್ನು ಕಾಣಿಸುವ ಮಾತು



ನಮ್ಮ ತಲಘಟ್ಟಪುರದಿಂದ ಕನಕಪುರ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ತಾತಗುಣಿ ಎಸ್ಟೇಟ್ ಸಿಗುತ್ತದೆ. ರಷ್ಯಾದಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ಚಿತ್ರನಟಿ ದೇವಿಕಾ ರಾಣಿ ದಂಪತಿ ಬಾಳಿದ ತೋಟ ಅದು. ಬಸ್ಸಿನಲ್ಲಿ ಅದರ ಪಕ್ಕದಲ್ಲೇ ಓಡಾಡುವ ನಮ್ಮಲ್ಲಿ ಎಷ್ಟೋ ಜನ ರೋರಿಕ್ ಬರೆದ ಒಂದು ಚಿತ್ರವನ್ನೂ ನೋಡಿರಲಾರರು. ಅಂಥವರ ಕಣ್ಣಿಗೆ ಚಿತ್ರವೊಂದನ್ನು ಬರೀ ಮಾತಿನಿಂದ ಕಟ್ಟಿಕೊಡುವುದು ಹೇಗೆ? ಈ ವಿದ್ಯೆಗೆ ಬಹಳ ದೊಡ್ಡ ಚರಿತ್ರೆಯಿದೆ. ಪಶ್ಚಿಮದವರು ಇದನ್ನು ಎಕ್‌ಫ್ರಾಸಿಸ್ ಎನ್ನುತ್ತಾರೆ. ನಾವು ಚಿತ್ರವರ್ಣನೆ ಎನ್ನೋಣ.

ಕಾಳಿದಾಸನಿಂದಲೇ ಶುರುಮಾಡುತ್ತೇನೆ. ಶಾಕುಂತಲ ನಾಟಕದ ಆರನೆಯ ಅಂಕ. ಉಂಗುರ ಸಿಕ್ಕಿದೆ, ದುಷ್ಯಂತನಿಗೆ ಎಲ್ಲವೂ ನೆನಪಾಗಿದೆ, ಆದರೆ ಶಕುಂತಲೆ ಇಲ್ಲ. ತಾನೇ ಬರೆದ ಅವಳ ಚಿತ್ರವನ್ನು ರಾಜ ತರಿಸಿಕೊಳ್ಳುತ್ತಾನೆ. ಅದರಲ್ಲಿ ಮೂವರು ಹುಡುಗಿಯರಿದ್ದಾರೆ. ಇವರಲ್ಲಿ ಶಕುಂತಲೆ ಯಾರು ಎಂದು ರಾಜನ ಗೆಳೆಯ ವಿದೂಷಕ ಕೇಳುತ್ತಾನೆ. ನೀನೇ ಹೇಳು ಎನ್ನುತ್ತಾನೆ ರಾಜ. ವಿದೂಷಕ ನೋಡಿ ನೋಡಿ ಗುರುತು ಹಿಡಿಯುತ್ತಾನೆ: ಒಬ್ಬಳ ತುರುಬು ಸಡಿಲಿ ಹೂ ಜಾರಿದೆ, ಮುಖದಲ್ಲಿ ಬೆವರ ಹನಿ, ತೋಳುಗಳು ಸೋತು ಇಳಿಬಿದ್ದಿವೆ, ಪಕ್ಕದ ಮಾವಿನ ಗಿಡದ ಚಿಗುರು ಈಗಷ್ಟೇ ನೀರೆರೆದದ್ದರಿಂದ ಹೊಳೆಯುತ್ತಿದೆ, ಇವಳೇ ಇರಬೇಕು.

ಇಲ್ಲಿ ಕಾಳಿದಾಸನ ಜಾಣ್ಮೆ ಗಮನಿಸಿ. ನಾಟಕ ನೋಡುವವರಿಗೆ ಆ ಹಲಗೆಯ ಮೇಲಿನ ಚಿತ್ರ ಅಷ್ಟು ದೂರದಿಂದ ಕಾಣುವುದಿಲ್ಲ. ಅವರಿಗೆ ಸಿಗುವುದು ಮಾತು ಮಾತ್ರ. ಆ ಮಾತಿನಲ್ಲಿ ‘ಸುಂದರಿ’ ಎಂಬ ಶಬ್ದದ ಕೆಲಸವೇ ಇಲ್ಲ. ಜಾರಿದ ಹೂವು, ಬೆವರು, ಸೋತ ತೋಳು, ಒದ್ದೆ ಚಿಗುರು — ಈ ನಾಲ್ಕರಿಂದ ಅವಳು ನೀರು ಹೊತ್ತು ದಣಿದಿದ್ದಾಳೆಂದು ನಾವೇ ಊಹಿಸಿಕೊಳ್ಳುತ್ತೇವೆ. ಅಷ್ಟಕ್ಕೇ ಬಿಡದೆ ಕವಿ ಚಿತ್ರದ ಮೈಯನ್ನೂ ತೋರಿಸುತ್ತಾನೆ. ಅಂಚಿನಲ್ಲಿ ರಾಜನ ಬೆವರಿದ ಬೆರಳಿನ ಗುರುತಿದೆ. ಕೆನ್ನೆಯ ಮೇಲೆ ಅವನ ಕಣ್ಣೀರು ಬಿದ್ದು ಬಣ್ಣ ಉಬ್ಬಿಕೊಂಡಿದೆ. ಆಮೇಲೆ ಇನ್ನೂ ಬರೆಯಬೇಕಾದದ್ದನ್ನು ರಾಜ ಹೇಳುತ್ತಾನೆ: ಮಾಲಿನಿ ನದಿ, ಅದರ ಮರಳಿನಲ್ಲಿ ಹಂಸದ ಜೋಡಿ, ನಾರುಬಟ್ಟೆ ಒಣಹಾಕಿದ ಮರ, ಅದರ ಕೆಳಗೆ ಗಂಡುಜಿಂಕೆಯ ಕೊಂಬಿಗೆ ಕಣ್ಣುಜ್ಜಿಕೊಳ್ಳುವ ಹೆಣ್ಣುಜಿಂಕೆ. ಚಿತ್ರದಲ್ಲಿ ಇಲ್ಲದ್ದೂ ನಮಗೆ ಕಾಣತೊಡಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ಕನ್ನಡಕ್ಕೆ ತಂದರು. ಚಿತ್ರ ವರ್ಣಿಸಲು ಕಲಿಯುವವರಿಗೆ ನಾನು ಮೊದಲು ಓದಿ ಎನ್ನುವುದು ಈ ಅಂಕವನ್ನೇ.

ಗ್ರೀಕರಲ್ಲಿ ಇಂಥ ವರ್ಣನೆ ಭಾಷಣ ಕಲಿಯುವ ಹುಡುಗರಿಗೆ ಪಾಠವಾಗಿತ್ತು. ಕ್ರಿಸ್ತಶಕ ಮೂರನೆಯ ಶತಮಾನದ ಸುಮಾರಿಗೆ ಫಿಲೊಸ್ಟ್ರಾಟಸ್ ಎಂಬುವನು ನೇಪಲ್ಸ್‌ನ ಒಂದು ಮನೆಯ ಚಿತ್ರಗಳನ್ನು ಆ ಮನೆಯ ಹತ್ತು ವರ್ಷದ ಹುಡುಗನಿಗೆ ವಿವರಿಸುವಂತೆ ಒಂದು ಪುಸ್ತಕವನ್ನೇ ಬರೆದ. ಅಂಥ ಚಿತ್ರಗಳು ನಿಜವಾಗಿ ಇದ್ದವೇ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಇಂದು ಉಳಿದಿರುವುದು ಮಾತು ಮಾತ್ರ.

ಇನ್ನು ಫ್ರಾನ್ಸಿನ ಲೇಖಕ ದಿದೆರೊ. 1759ರಿಂದ ಅವನು ಪ್ಯಾರಿಸ್ಸಿನ ಚಿತ್ರಪ್ರದರ್ಶನಗಳ ಬಗ್ಗೆ ಬರೆಯತೊಡಗಿದ. ಅವನ ಬರಹ ಕೈಬರಹದ ಪ್ರತಿಗಳಾಗಿ ಯುರೋಪಿನ ದೂರದ ಅರಮನೆಗಳಿಗೆ ಹೋಗುತ್ತಿತ್ತು. ಓದುವವರ ಮುಂದೆ ಚಿತ್ರವಿಲ್ಲ, ಫೋಟೋ ಇನ್ನೂ ಹುಟ್ಟಿಲ್ಲ. 1767ರಲ್ಲಿ ವೆರ್ನೆ ಎಂಬ ಚಿತ್ರಕಾರನ ನಿಸರ್ಗಚಿತ್ರಗಳ ಬಗ್ಗೆ ಬರೆಯುವಾಗ, ತಾನು ಬೆಟ್ಟ, ಜಲಪಾತಗಳ ನಡುವೆ ಅಡ್ಡಾಡಿ ಬಂದಂತೆ ಬರೆದುಕೊಂಡು ಹೋಗಿ, ಬಹಳ ಹೊತ್ತಿನ ನಂತರ ಇವೆಲ್ಲ ಚಿತ್ರಗಳೇ ಎಂದು ಬಿಟ್ಟುಕೊಟ್ಟ. ಅದಕ್ಕೆ ಒಂದು ವರ್ಷದ ಹಿಂದೆ ಜರ್ಮನಿಯ ಲೇಖಕ ಲೆಸ್ಸಿಂಗ್ ಈ ಕೆಲಸದ ಮೂಲ ತೊಡಕನ್ನು ಹೇಳಿದ್ದ. ಚಿತ್ರದಲ್ಲಿ ಎಲ್ಲವೂ ಒಟ್ಟಿಗೆ, ಅಕ್ಕಪಕ್ಕ ಇರುತ್ತದೆ. ಮಾತು ಒಂದಾದ ಮೇಲೆ ಒಂದು ಬರುತ್ತದೆ. ಹಾಗಾಗಿ ಯಾವುದನ್ನು ಮೊದಲು ಹೇಳಬೇಕು ಎಂಬುದೇ ವರ್ಣನೆ ಬರೆಯುವವರ ಮುಖ್ಯ ತೀರ್ಮಾನ. ದಿದೆರೊನ ನಡಿಗೆ, ವಿದೂಷಕನ ಗುರುತು ಹಿಡಿಯುವ ಆಟ, ಎರಡೂ ಈ ಸರದಿಯನ್ನು ಹುಡುಕಿಕೊಂಡ ದಾರಿಗಳೇ.

ಈಗ ನಮ್ಮದೇ ನಾಡಿನಲ್ಲಿರುವ ಒಂದು ಚಿತ್ರವನ್ನು ಹಿಡಿಯೋಣ. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ರವಿವರ್ಮನದೆಂದು ತಿಳಿದವರು ಬಹಳ. ಬರೆದವರು ಎಸ್. ಎಲ್. ಹಳದಣಕರ್, 1940ರ ದಶಕದಲ್ಲಿ. ರೂಪದರ್ಶಿ ಅವರ ಮಗಳು. ಜಲವರ್ಣದ ಚಿತ್ರ. ಇದರ ಬಗ್ಗೆ ಸಾಮಾನ್ಯವಾಗಿ ಬರೆಯುವುದು ಹೀಗೆ: ‘ದಿವ್ಯ ಕಾಂತಿಯಿಂದ ಬೆಳಗುವ ಚೆಲುವೆ, ನೋಡಿದಷ್ಟೂ ಸಾಲದು.’ ಕಣ್ಣು ಮುಚ್ಚಿ ಕೇಳಿ. ಏನಾದರೂ ಕಂಡಿತೇ? ದೀಪ ಕೈಯಲ್ಲಿದೆಯೋ ನೆಲದಲ್ಲಿದೆಯೋ ಅದೂ ತಿಳಿಯಲಿಲ್ಲ. ‘ದಿವ್ಯ’ ಎನ್ನುವುದು ನೋಡಿದವರಿಗಾದ ಅನುಭವ. ನೋಡದವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಈ ಚಿತ್ರದಲ್ಲಿ ಎಲ್ಲವನ್ನೂ ಆಳುವುದು ಬೆಳಕು. ಹಾಗಾಗಿ ಬೆಳಕಿನ ಹಿಂದೆಯೇ ಮಾತು ಹೋಗಬೇಕು. ನಾನು ಬರೆದದ್ದು ಇದು:

‘ಎತ್ತರದ ಚೌಕಟ್ಟು, ಸುತ್ತ ಕತ್ತಲು. ಸೀರೆಯುಟ್ಟ ಯುವತಿಯೊಬ್ಬಳು ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಅಡ್ಡ. ಆ ಅಂಗೈ ನಮಗೂ ಕುಡಿಗೂ ನಡುವೆ ಬಂದಿರುವುದರಿಂದ ಕುಡಿ ನಮಗೆ ಕಾಣುವುದಿಲ್ಲ. ಕರೆಂಟು ಹೋದಾಗ ಟಾರ್ಚಿನ ಮೇಲೆ ಕೈಯಿಟ್ಟರೆ ಬೆರಳುಗಳ ಅಂಚು ಕೆಂಪಾಗುತ್ತದಲ್ಲ, ಹಾಗೆ ಇವಳ ಬೆರಳುಗಳು ಒಳಗಿನಿಂದ ಕೆಂಪಾಗಿವೆ. ಅಲ್ಲಿಂದ ಬೆಳಕು ಮೇಲಕ್ಕೆ ಹೋಗಿ ಎದೆ, ಗದ್ದ, ಕೆನ್ನೆಯನ್ನು ಮುಟ್ಟುತ್ತದೆ. ದೀಪದಿಂದ ದೂರವಾದಷ್ಟೂ ಸೀರೆಯ ನೆರಿಗೆಗಳು ಕತ್ತಲಿಗೆ ಸೇರುತ್ತವೆ.’

ಇದರಲ್ಲಿ ನಾನು ಅತಿ ಹೆಚ್ಚು ತಿದ್ದಿದ್ದು ಕುಡಿ ಕಾಣುವುದಿಲ್ಲ ಎಂಬ ವಾಕ್ಯವನ್ನು. ಅದನ್ನು ಬಿಟ್ಟರೆ ಕೇಳುವವರು ತಾವಾಗಿಯೇ ದೀಪಕ್ಕೊಂದು ಉರಿಯುವ ಕುಡಿಯನ್ನು ಸೇರಿಸಿಕೊಳ್ಳುತ್ತಾರೆ, ಚಿತ್ರ ಬೇರೆಯೇ ಆಗಿಬಿಡುತ್ತದೆ. ಚಿತ್ರಕಾರ ಮರೆಮಾಡಿದ್ದನ್ನು ಮರೆಯಾಗಿದೆ ಎಂದು ಹೇಳಲೇಬೇಕು. ರೂಪದರ್ಶಿಯ ಕಥೆ, ಬರೆದ ಕಾಲ ಇವೆಲ್ಲ ಕೇಳಲು ಚೆನ್ನ. ಆದರೆ ಅವನ್ನು ವರ್ಣನೆಯ ಮಧ್ಯೆ ತುರುಕಿದರೆ ಕಟ್ಟುತ್ತಿದ್ದ ಚಿತ್ರ ಒಡೆಯುತ್ತದೆ. ಮೊದಲೋ ಕೊನೆಗೋ ಹೇಳಿದರಾಯಿತು.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಚಿತ್ರ ನೋಡದ ಒಬ್ಬರಿಗೆ ಓದಿ ಹೇಳಿ, ಅವರ ಕೈಗೆ ಪೆನ್ಸಿಲ್ ಕೊಡಿ. ಚೆನ್ನಾಗಿ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ದೀಪ ಎಲ್ಲಿ, ಕೈ ಎಲ್ಲಿ, ಕತ್ತಲು ಯಾವ ಕಡೆ ಎಂದು ಗೀಚಿದರೆ ಸಾಕು. ಅವರು ಕೈಯನ್ನು ದೀಪದ ಮೇಲೆ ಇಟ್ಟರೆ, ‘ಅಡ್ಡ’ ಎಂಬ ನಿಮ್ಮ ಮಾತು ಸಾಕಾಗಿಲ್ಲ ಎಂದರ್ಥ. ಬಣ್ಣದ ಹದ, ಕುಂಚದ ನಯ ಮಾತ್ರ ಈ ಪರೀಕ್ಷೆಗೆ ಸಿಗುವುದಿಲ್ಲ. ಅಲ್ಲಿ ಮಾತು ಹತ್ತಿರ ಹೋಗಬಹುದು, ಪೂರ್ತಿ ತಲುಪಲಾರದು.

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ತಂದೆ ಇಬ್ಬರ ಚಿತ್ರಗಳೂ ಇವೆ. ತಲಘಟ್ಟಪುರದಲ್ಲೇ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದರೆ ಅಲ್ಲಿಂದ ದೂರವಿಲ್ಲ. ಒಂದೇ ಒಂದು ಚಿತ್ರದ ಮುಂದೆ ಸಾವಕಾಶವಾಗಿ ನಿಲ್ಲಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಮೊದಲ ಸಾಲಿನಲ್ಲಿ ಬರೆದುಕೊಳ್ಳಿ. ಮನೆಗೆ ಬಂದು, ಅಲ್ಲಿಗೆ ಹೋಗಲಾಗದ ಹಿರಿಯರಿಗೆ ಅದನ್ನು ಓದಿ ಹೇಳಿ. ಅವರು ಕೇಳುವ ಮೊದಲ ಪ್ರಶ್ನೆಗೆ ಉತ್ತರವನ್ನು ನಿಮ್ಮ ಬರಹಕ್ಕೆ ಸೇರಿಸಿ.