ಚುಕ್ಕೆ ಸಾಲಿಗಲ್ಲ, ಸಂಗತಿಗೆ

ಹೊನ್ನಾಳಿಯಲ್ಲಿರುವ ನನ್ನ ತಂಗಿಯ ಮಗಳು ಜ್ವರ ಬಂದು ಒಂದು ದಿನ ಕಾಲೇಜಿಗೆ ಹೋಗಲಿಲ್ಲ. ಗೆಳತಿ ನೋಟ್ಸಿನ ಫೋಟೊ ಕಳಿಸಿದಳು. ಪಾಠ ಊರಿನ ಹೊಳೆ ತುಂಗಭದ್ರೆಯದೇ.

ಅದನ್ನು ಮೊಬೈಲಿನಲ್ಲಿ ಟೈಪ್ ಮಾಡಲು ಕೂತ ನಮ್ಮ ಹುಡುಗಿ ಪ್ರತಿ ಸಾಲಿನ ಮೊದಲಿಗೂ ಒಂದು ಚುಕ್ಕೆ ಇಟ್ಟಳು. "ಕೂಡ್ಲಿಯಲ್ಲಿ ತುಂಗಾ, ಭದ್ರಾ" ಒಂದು ಚುಕ್ಕೆ, "ಸೇರುತ್ತವೆ" ಇನ್ನೊಂದು ಚುಕ್ಕೆ! ಹಾಳೆ ಮುಗಿದು ಸಾಲು ಮುರಿದಿತ್ತೇ ಹೊರತು ವಿಷಯವಲ್ಲ. "ಚುಕ್ಕೆ ಸಾಲಿಗಲ್ಲ ಕಣೇ, ಸಂಗತಿಗೆ" ಎಂದೆ.

ಇಡೀ ಪುಟವನ್ನು ಮೊದಲು ಓದಿದೆವು. ಅಡಿಗೆರೆ ಎಳೆದಿದ್ದ ಉಗಮ, ಸಂಗಮ, ಅಣೆಕಟ್ಟು ತಲೆಬರಹಗಳಾದವು. ಅಂಚಿನಲ್ಲಿ ಅಡ್ಡಡ್ಡ ಗೀಚಿದ್ದ "ಎಡದಂಡೆ, ಬಲದಂಡೆ ಕಾಲುವೆ" ಎಂಬುದನ್ನು ಅವಳು ಕೊನೆಗೆ ಹಾಕಿದ್ದಳು. ಆದರೆ ಅದರ ಬಾಣದ ಗುರುತು ಅಣೆಕಟ್ಟಿನತ್ತ ಇತ್ತು. ಅದರಡಿಗೇ ತಂದು, ತುಸು ಒಳಗೆ ಸರಿಸಿದೆವು.

ಹೊಸಪೇಟೆಯ ಅಣೆಕಟ್ಟು ಮುಗಿದ ಇಸವಿಯ ಮೇಲೆ ಫೋಟೊ ತೆಗೆದವಳ ಕೈ ನೆರಳು ಬಿದ್ದಿತ್ತು. 1953ರೋ, 1958ರೋ? ಕೈಬರಹದಲ್ಲಿ ಅನುಮಾನವಾದರೂ ಕಾಣುತ್ತದೆ. ಟೈಪಾದ ಮೇಲೆ ತಪ್ಪೂ ಸರಿಯಂತೆಯೇ ಕೂತುಬಿಡುತ್ತದೆ. ಹಾಗಾಗಿ ಪ್ರಶ್ನೆಚಿಹ್ನೆ ಹಾಕಿಟ್ಟು ಗೆಳತಿಗೆ ಫೋನ್ ಮಾಡಿದಳು. 1953.